ಎರಡು ಸ್ಟಾಪಿಗೆ ಎರಡು ಸ್ಟೇಜಿನ ದುಡ್ಡು

ಕೇಳುಗರೆ, ನಮಸ್ಕಾರ.

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಹೊರಟ ಸಿಟಿ ಬಸ್ಸಿನಲ್ಲಿ ಒಬ್ಬ ಹಿರಿಯರು ಕಂಡಕ್ಟರ್ ಜೊತೆ ತಕರಾರು ತೆಗೆದಿದ್ದರು. "ನಾ ಹತ್ತಿದ್ದು ಈಗರೀ, ಇಳಿಯೋದು ಎರಡನೇ ಸ್ಟಾಪಿಗೆ. ಎರಡು ಸ್ಟೇಜಿನ ದುಡ್ಡು ಯಾಕ್ರಿ?" ಕಂಡಕ್ಟರ್ ಟಿಕೆಟ್ ತೋರಿಸಿ, "ಸ್ಟೇಜ್ ಹಂಗ ಬರ್ತದರಿ ಯಜಮಾನ್ರೆ" ಎಂದರು. ಹಿರಿಯರ ಸಿಟ್ಟು ಇಳಿಯಲಿಲ್ಲ.

ಇಬ್ಬರದೂ ಸರಿಯೇ. ಬಸ್ ನಿಲ್ಲುವ ಜಾಗವೆಲ್ಲ ಸ್ಟೇಜ್ ಅಲ್ಲ. ಮಾರ್ಗದ ಮೇಲೆ ಅಷ್ಟಷ್ಟು ದೂರಕ್ಕೊಂದು ಸ್ಟಾಪನ್ನು ಸ್ಟೇಜ್ ಎಂದು ಗುರುತಿಸಿರುತ್ತಾರೆ. ನಡುವಿನ ಸ್ಟಾಪಿನಲ್ಲಿ ಹತ್ತಿದರೆ ಲೆಕ್ಕ ಹಿಂದಿನ ಸ್ಟೇಜಿನಿಂದ ಶುರು. ನಡುವೆ ಇಳಿದರೆ ಮುಂದಿನ ಸ್ಟೇಜಿನವರೆಗೆ.

ಒಂದು ಲೆಕ್ಕ ಹಾಕೋಣ. ಸೊನ್ನೆ, ಎರಡು, ನಾಲ್ಕನೇ ಕಿಲೋಮೀಟರಿನಲ್ಲಿ ಸ್ಟೇಜ್‌ಗಳಿವೆ, ಒಂದು ಸ್ಟೇಜಿಗೆ 6 ರೂಪಾಯಿ, ಎರಡಕ್ಕೆ 12 ಎಂದಿಟ್ಟುಕೊಳ್ಳಿ. ಸುಮ್ನೆ ಲೆಕ್ಕಕ್ಕೆ, ನಮ್ಮೂರಿನ ದರ ಅಲ್ಲ. ಮೊದಲ ಸ್ಟೇಜಿನಲ್ಲಿ ಹತ್ತಿದವರು ಅರ್ಧ ಕಿಲೋಮೀಟರಿಗೆ ಇಳಿದರೂ 6, ಪೂರ್ತಿ ಎರಡು ಕಿಲೋಮೀಟರ್ ಹೋದರೂ 6. ಆದರೆ 1.6ನೇ ಕಿಲೋಮೀಟರಿನಲ್ಲಿ ಹತ್ತಿ 2.4ರಲ್ಲಿ ಇಳಿದವರು ಹೋಗಿದ್ದು ಬರೀ 800 ಮೀಟರ್, ಕೊಡಬೇಕಾದ್ದು 12. ನಡುವೆ ಸ್ಟೇಜ್ ದಾಟಿತಲ್ಲ! ನಮ್ಮ ಹಿರಿಯರಿಗೆ ಆದದ್ದೂ ಇದೇ.

ಪ್ರತಿ ಸ್ಟಾಪಿಗೂ ಬೇರೆ ದರ ಇಡಬಹುದಲ್ವಾ? 20 ಸ್ಟಾಪ್ ಇರುವ ಮಾರ್ಗದಲ್ಲಿ ಹತ್ತುವ ಇಳಿಯುವ ಜೋಡಿಗಳೇ 190 ಆಗುತ್ತವೆ. ಅದೇ 6 ಸ್ಟೇಜ್ ಆದರೆ 15 ಜೋಡಿ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಷೀನ್ ಹಿಡಿದು ಜನರ ನಡುವೆ ನುಗ್ಗುವ ಕಂಡಕ್ಟರ್‌ಗೆ ಈ ವ್ಯತ್ಯಾಸ ಸಣ್ಣದಲ್ಲ. ಚಿಲ್ಲರೆ ಗೋಳೂ ಕಮ್ಮಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತೆಗೆಯುವಾಗಲೂ ಸ್ಟೇಜ್ ಹೇಳಲೇಬೇಕು. ಪ್ರಯಾಣಿಕರು ಕೊಡದ ಆ ಹಣವನ್ನು ನಿಗಮಕ್ಕೆ ತುಂಬಿಕೊಡುವುದು ಸರ್ಕಾರ.

ಬೆಂಗಳೂರಿನ ಮೆಟ್ರೊದಲ್ಲಿ ಕಂಡಕ್ಟರ್ ಇಲ್ಲ. ಹೊಕ್ಕ ನಿಲ್ದಾಣ, ಹೊರಬಂದ ನಿಲ್ದಾಣ ಎರಡೂ ಗೇಟಿಗೆ ಗೊತ್ತಾಗುತ್ತದೆ. ಹಾಗಾಗಿ ಸ್ಟೇಜ್ ದಾಟಿದ ತೊಂದರೆ ಅಲ್ಲಿಲ್ಲ, ಇರುವುದು ದೂರದ ಹಂತ. 2025ರ ಫೆಬ್ರವರಿಯಲ್ಲಿ ಬಂದ ದರದಂತೆ ಎರಡು ಕಿಲೋಮೀಟರ್‌ವರೆಗೆ 10 ರೂಪಾಯಿ, ಎರಡರಿಂದ ನಾಲ್ಕಕ್ಕೆ 20. ಒಂದು ನಿಲ್ದಾಣ ಹೋದವರೂ ಒಂದೂಮುಕ್ಕಾಲು ಕಿಲೋಮೀಟರ್ ಹೋದವರೂ ಅದೇ ಹತ್ತು ಕೊಡುತ್ತಾರೆ. ಗೆರೆ ಕೊಂಚ ದಾಟಿದವರಿಗೆ ಮಾತ್ರ ದುಪ್ಪಟ್ಟು!

ನಿಮ್ಮ ಟಿಕೆಟ್ ಜಾಸ್ತಿ ಅನ್ನಿಸಿದರೆ ಅದರ ಮೇಲೆ ಅಚ್ಚಾದ ಎರಡು ಹೆಸರು ಓದಿ. ನೀವು ಹತ್ತಿದ ಸ್ಟಾಪಿನ ಬದಲು ಹಿಂದಿನ ಸ್ಟೇಜಿನ ಹೆಸರಿದ್ದರೆ ಅದು ಕಂಡಕ್ಟರ್ ತಪ್ಪಲ್ಲ. ಅದಕ್ಕೂ ಹಿಂದಿನ ಸ್ಟೇಜ್ ಬಿದ್ದಿದ್ದರೆ ಮಾತ್ರ ಕೇಳಿ. ಬಸ್ ಮುಂದೆ ಹೋದ ಮೇಲೂ ಮಷೀನಿನಲ್ಲಿ ಸ್ಟೇಜ್ ಬದಲಿಸಲು ಮರೆತಾಗ ಹೀಗಾಗುತ್ತದೆ.