ಕಂಪನಿ ಮುಚ್ಚಿದರೂ ಬೇರಿಂಗ್ ಸಿಗುತ್ತದೆ

ಕೇಳುಗರೇ, ನಮಸ್ಕಾರ.

ಅಡಿಕೆ ಕೊಯ್ಲು ಶುರುವಾಗಿದೆ. ಹಸಿ ಅಡಿಕೆ ಅಂಗಳಕ್ಕೆ ಬಂದು ಬಿದ್ದಿದೆ. ಸುಲಿಯುವ ಯಂತ್ರ ಮಾತ್ರ ಕರಕರ ಅನ್ನುತ್ತಾ ನಿಂತುಬಿಟ್ಟಿದೆ. ತಂದ ಕಂಪನಿಗೆ ಫೋನ್ ಮಾಡಿದರೆ ನಂಬರೇ ಚಾಲ್ತಿಯಲ್ಲಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ಪಾಡು ಹಲವರಿಗೆ ಬಂದಿದೆ. ಹಾಗಂತ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಸಣ್ಣ ಯಂತ್ರ ಕಟ್ಟುವವರು ಬೇರಿಂಗನ್ನು ತಾವೇ ಮಾಡುವುದಿಲ್ಲ, ಅಂಗಡಿಯಿಂದ ಕೊಂಡು ಕೂರಿಸಿರುತ್ತಾರೆ. ಅದೇ ಅಳತೆಯದ್ದು ಇವತ್ತಿಗೂ ಸಿಗುತ್ತದೆ.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬೇರಿಂಗ್‌ಗೆ ಒಂದು ನಂಬರ್ ಇರಬಹುದು. ಅದು ಸಾಮಾನ್ಯವಾಗಿ ಆ ಕಂಪನಿ ತನ್ನ ಲೆಕ್ಕಕ್ಕೆ ಇಟ್ಟುಕೊಂಡದ್ದು, ಬೇರೆ ಅಂಗಡಿಯವರಿಗೆ ಅರ್ಥವಾಗುವುದಿಲ್ಲ. ನಮಗೆ ಬೇಕಾದ್ದು ಬೇರಿಂಗ್ ಮೇಲೆಯೇ ಕೊರೆದಿರುವ ನಂಬರ್. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. 6205 ಅಂತಲೋ, ಯುಸಿ205 ಅಂತಲೋ ಕಾಣುತ್ತದೆ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ. 05 ಇದ್ದರೆ ಒಳತೂತು 25 ಮಿಲಿಮೀಟರ್. 04 ಇದ್ದರೆ 20. ಅದಕ್ಕಿಂತ ಚಿಕ್ಕ ಅಂಕಿಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಆ ಎರಡು ಅಂಕಿಗೂ ಮೊದಲು ಬರುವ ಅಂಕಿಯನ್ನೂ ಬಿಡಬೇಡಿ. 6205, 6305 ಎರಡರ ಒಳತೂತೂ 25. ಆದರೆ ಮೊದಲನೆಯದರ ಹೊರ ಅಳತೆ 52, ಎರಡನೆಯದರದು 62. ಶಾಫ್ಟ್‌ಗೆ ಚೆನ್ನಾಗಿ ಕೂತಿತು ಅಂತ ತಂದರೆ ಬೇರಿಂಗ್ ಕೂರುವ ಮನೆಯೊಳಗೆ ಹೋಗುವುದಿಲ್ಲ.

ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್ ಬೇಕು. ಒಳತೂತು, ಹೊರ ಅಳತೆ, ದಪ್ಪ, ಮೂರನ್ನೂ ಅಳೆಯಿರಿ. ಸ್ಕೇಲು, ಟೇಪು ಸಾಲದು. ಯಾಕೆ ಅಂತ ಹೊಸನಗರದ ಕಡೆಯ ಒಂದು ಯಂತ್ರದ ಕಥೆ ಕೇಳಿದರೆ ತಿಳಿಯುತ್ತದೆ.

ಅದರ ಶಾಫ್ಟ್ ಎರಡು ತುದಿಯಲ್ಲೂ ಪಿಲ್ಲೋ ಬ್ಲಾಕ್ ಮೇಲೆ ಕೂತಿತ್ತು. ಅಂದರೆ ಬೋಲ್ಟ್ ಹಾಕಿ ಬಿಗಿಯುವ ಬೀಡಿನ ಮನೆ, ಒಳಗೆ ಬೇರಿಂಗ್. ಮನೆಯ ಮೇಲೆ ಪಿ205 ಅಂತ ಎದ್ದ ಅಕ್ಷರ ಇತ್ತು. ಸರಿ, ಯುಸಿ205 ತಂದರು. ಅದು ಶಾಫ್ಟ್‌ಗೆ ಏರಲೇ ಇಲ್ಲ. ಶಾಫ್ಟ್ ತುಕ್ಕು ಹಿಡಿದಿದೆ ಅಂದುಕೊಂಡು ಎಮರಿ ಕಾಗದದಲ್ಲಿ ಉಜ್ಜಲು ಕೂತರು. ಅಷ್ಟರಲ್ಲಿ ಲೇತ್ ಅಂಗಡಿಯ ಹುಡುಗನೊಬ್ಬ ವರ್ನಿಯರ್ ಇಟ್ಟು ನೋಡಿದ. 25.4 ಬಂತು. ಅಂದರೆ ಸರಿಯಾಗಿ ಒಂದು ಇಂಚು! ಅದಕ್ಕೆ ಬೇಕಾದ್ದು ಯುಸಿ205-16. ಕೊನೆಯ 16 ಅಂದರೆ ಇಂಚಿನ ಹದಿನಾರನೇ ಭಾಗಗಳು ಹದಿನಾರು, ಅಂದರೆ ಪೂರ್ತಿ ಒಂದು ಇಂಚು. ಹೊರ ಅಳತೆ ಎರಡಕ್ಕೂ 52. ಅದಕ್ಕೇ ಎರಡೂ ಅದೇ ಮನೆಯಲ್ಲಿ ಕೂರುತ್ತವೆ, ಮನೆಯ ಮೇಲಿನ ನಂಬರ್ ನೋಡಿ ಗೊತ್ತಾಗುವುದಿಲ್ಲ.

ಇದರ ಉಲ್ಟಾ ಆದರೆ ಇನ್ನೂ ಅಪಾಯ. 25ರ ಶಾಫ್ಟ್‌ಗೆ ಇಂಚಿನ ಬೇರಿಂಗ್ ಸುಲಭವಾಗಿ ಜಾರಿಕೊಂಡು ಹೋಗುತ್ತದೆ. ಬೇರಿಂಗನ್ನು ಶಾಫ್ಟ್‌ಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿದರೆ ಎಲ್ಲ ಸರಿ ಅನ್ನಿಸುತ್ತದೆ. ಆದರೆ ಶಾಫ್ಟ್ ನಡುವಲ್ಲಿ ನಿಲ್ಲದೆ ಒಂದು ಕಡೆಗೆ ಸರಿದು ತಿರುಗುತ್ತದೆ. ನಡುಕ ಬರುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಬೇರಿಂಗಿನ ಬಾಯಲ್ಲಿ ಕೆಂಪು ಪುಡಿ ಕಾಣುತ್ತದೆ. ಆ ಪುಡಿ ಕಂಡರೆ ಯಂತ್ರ ನಿಲ್ಲಿಸಿ. ಶಾಫ್ಟ್ ಸವೆಯುತ್ತಿದೆ ಅಂತ ಅರ್ಥ. ಅಳೆಯುವಾಗಲೂ ಬೇರಿಂಗ್ ಕೂತು ಸವೆದ ಜಾಗ ಬಿಟ್ಟು, ಪಕ್ಕದಲ್ಲಿ ಸವೆಯದ ಕಡೆ ಅಳೆಯಿರಿ.

ಇನ್ನೊಂದು ಮೋಸ ಇದೆ. 6205ಕ್ಕೂ ಒಳಗೆ 25, ಹೊರಗೆ 52, ಅಲ್ವಾ? ಹಾಗಂತ ಅದನ್ನು ಪಿಲ್ಲೋ ಬ್ಲಾಕಿಗೆ ಹಾಕಲು ಬರುವುದಿಲ್ಲ. ಯುಸಿ ಬೇರಿಂಗಿನ ಹೊರಮೈ ಚೆಂಡಿನ ಹಾಗೆ ಉಬ್ಬಿದೆ, ಮನೆಯೂ ಅದಕ್ಕೆ ತಕ್ಕಂತೆ ತಗ್ಗಾಗಿದೆ. 6205ರ ಹೊರಮೈ ನೇರ. ಆಕಾರವನ್ನೂ ನೋಡಿ ತನ್ನಿ.

ನೇರ ಬೇರಿಂಗೇ ಬೇಕಿದ್ದರೆ ನಂಬರಿನ ಕೊನೆಯಲ್ಲಿ 2ಆರ್‌ಎಸ್ ಅಂತ ಇರುವುದನ್ನು ಕೇಳಿ. ಎರಡೂ ಬದಿ ರಬ್ಬರ್ ಮುಚ್ಚಳ ಇರುತ್ತದೆ. ಜೆಡ್‌ಜೆಡ್ ಅಂದರೆ ತಗಡಿನ ಮುಚ್ಚಳ. ಹಸಿ ಸಿಪ್ಪೆಯ ನೀರು, ನಾರು ಹಾರುವ ಜಾಗಕ್ಕೆ ರಬ್ಬರೇ ವಾಸಿ.

ಬೆಲ್ಟ್‌ದೂ ಹೀಗೇ. ಎ-42 ಅಂದರೆ ಎ ಜಾತಿಯ ಬೆಲ್ಟ್, ಮೇಲ್ಭಾಗದ ಅಗಲ 13 ಮಿಲಿಮೀಟರ್, ಒಳಸುತ್ತು 42 ಇಂಚು. ನಂಬರ್ ಕಾಣದಿದ್ದರೆ ಬೆಲ್ಟಿನ ಹೊರಮೈಗೆ ದಾರ ಸುತ್ತಿ ಅಳೆದು, ಸುಮಾರು 2 ಇಂಚು ಕಳೆಯಿರಿ. ಹಳೆ ಬೆಲ್ಟ್ ಎಳೆದಿರುತ್ತದೆ, ಅದಕ್ಕೆ ತುಸು ಕಡಿಮೆಯ ಕಡೆಗೇ ವಾಲಿ.

ಹೊಸ ಬೇರಿಂಗ್ ಹಾಕಿದ ಮೇಲೆ ಅಡಿಕೆ ಹಾಕದೆ ಕಾಲು ಗಂಟೆ ಓಡಿಸಿ. ಯಂತ್ರ ನಿಲ್ಲಿಸಿ, ಮನೆಯ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ಎರಡು ಮನೆಗಳು ಒಂದೇ ಸಾಲಿನಲ್ಲಿ ಇಲ್ಲದಿರಬಹುದು, ಬೆಲ್ಟ್ ಜಾಸ್ತಿ ಬಿಗಿಯಾಗಿರಬಹುದು.

ಸುಲಿಯುವ ಬ್ಲೇಡು, ಅಚ್ಚು ಹೊಯ್ದ ಚಕ್ರ, ಇವು ಮಾತ್ರ ಆ ಕಂಪನಿಯ ಸ್ವಂತ ರೂಪದವು, ಬೇರೆ ನಂಬರಿನಲ್ಲಿ ಸಿಗುವುದಿಲ್ಲ. ಅವು ಪೂರ್ತಿ ಮುರಿಯುವ ಮೊದಲೇ ಬಿಚ್ಚಿ, ಶಿವಮೊಗ್ಗದ ಲೇತ್ ಅಂಗಡಿಗೆ ಒಯ್ದು ಅಳತೆ ಬರೆಸಿಡಿ. ಮುರಿದ ತುಂಡಿನಿಂದ ಅಳತೆ ತೆಗೆಯುವುದು ಕಷ್ಟ.

ನಮಸ್ಕಾರ.