ಜಾಕ್‌ಪಾಟ್ ಬೆಳೆಯುವ ಬಗೆ: ಒಂದು ಲಾಟರಿ ಸರಣಿಯ ಲೆಕ್ಕ

ಸಭಿಕ ಮಿತ್ರರೇ,

ಲಾಟರಿಯ ಮೊದಲ ಬಹುಮಾನ ಯಾರಿಗೂ ಬಾರದೆ ಮುಂದಿನ ಡ್ರಾಗೆ ಸೇರಿಕೊಳ್ಳುವುದನ್ನು ರೋಲ್‌ಓವರ್ ಎನ್ನುತ್ತಾರೆ. ಇಂದು ಒಂದೇ ಒಂದು ರೋಲ್‌ಓವರ್ ಸರಣಿಯನ್ನು ಹಿಡಿದು, ಮೊತ್ತ ಬೆಳೆದಂತೆ ಟಿಕೆಟ್ ಮಾರಾಟ ಹೇಗೆ ಏರುತ್ತದೆ, ಆ ಏರಿಕೆಯೇ ಸರಣಿಯನ್ನು ಹೇಗೆ ಮುಗಿಸುತ್ತದೆ ಎಂಬುದನ್ನು ನೋಡೋಣ. ನಾನು ಆಯ್ದುಕೊಂಡಿರುವುದು ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ 2015ರ ನವೆಂಬರ್ 7ರಂದು ಆರಂಭವಾಗಿ 2016ರ ಜನವರಿ 13ರಂದು ಮುಗಿದ ಸರಣಿ. ವಾರಕ್ಕೆ ಎರಡರಂತೆ ಇಪ್ಪತ್ತು ಡ್ರಾಗಳು ನಡೆದವು. ಮೊದಲ ಹತ್ತೊಂಬತ್ತರಲ್ಲಿ ಯಾರೂ ಗೆಲ್ಲಲಿಲ್ಲ. 4 ಕೋಟಿ ಡಾಲರಿನಿಂದ ಹೊರಟ ಜಾಕ್‌ಪಾಟ್ ಕೊನೆಗೆ 158.6 ಕೋಟಿ ಡಾಲರಿಗೆ ಮುಟ್ಟಿತು.

ಆಟದ ನಿಯಮ ಸರಳ. 69 ಬಿಳಿ ಚೆಂಡುಗಳಲ್ಲಿ ಐದನ್ನೂ 26 ಕೆಂಪು ಚೆಂಡುಗಳಲ್ಲಿ ಒಂದನ್ನೂ ಸರಿಯಾಗಿ ಹೇಳಬೇಕು. ಬಿಳಿ ಚೆಂಡುಗಳನ್ನು ಆರಿಸುವ ಬಗೆಗಳು 1,12,38,513. ಅದನ್ನು 26ರಿಂದ ಗುಣಿಸಿದರೆ 29,22,01,338 ಸಂಯೋಜನೆಗಳು ಸಿಗುತ್ತವೆ. ಒಂದು ಟಿಕೆಟ್ ಗೆಲ್ಲುವ ಸಾಧ್ಯತೆ ಸುಮಾರು 29.2 ಕೋಟಿಯಲ್ಲಿ ಒಂದು. ಜಾಕ್‌ಪಾಟ್ ಎಷ್ಟೇ ದೊಡ್ಡದಾದರೂ, ಎಷ್ಟೇ ಜನ ಆಡಿದರೂ, ಈ ಸಂಖ್ಯೆ ಕದಲುವುದಿಲ್ಲ. ಬದಲಾಗುವುದು ಬೇರೆಯ ಪ್ರಶ್ನೆಯ ಉತ್ತರ: ಇಷ್ಟು ಜನರಲ್ಲಿ ಯಾರಾದರೂ ಒಬ್ಬರು ಗೆಲ್ಲುವರೇ? ಈ ಎರಡು ಪ್ರಶ್ನೆಗಳನ್ನು ಒಂದೆಂದು ಭಾವಿಸುವುದರಿಂದಲೇ, ‘ಈ ಸಲ ಯಾರಿಗಾದರೂ ಬಂದೇ ಬರುತ್ತದೆ’ ಎಂಬ ಮಾತು ‘ನನಗೂ ಬರಬಹುದು’ ಎಂಬ ಭರವಸೆಯಾಗಿ ಮಾರ್ಪಡುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಹೀಗೆ ದೊರೆಯುತ್ತದೆ. ಒಟ್ಟು ಸಂಯೋಜನೆಗಳು N, ಮಾರಾಟವಾದ ಟಿಕೆಟ್‌ಗಳು n, ಪ್ರತಿ ಟಿಕೆಟ್ಟಿನ ಸಂಖ್ಯೆಗಳೂ ಯಾದೃಚ್ಛಿಕವಾಗಿ ಆರಿಸಿದವು ಎಂದಿಟ್ಟುಕೊಂಡರೆ, ಯಾರೂ ಗೆಲ್ಲದಿರುವ ಸಂಭವನೀಯತೆ ಹೆಚ್ಚುಕಡಿಮೆ

```
e^(-n/N)
```

ಎಂದಾಗುತ್ತದೆ; ಇಲ್ಲಿ e ಎಂಬುದು ಸುಮಾರು 2.718 ಬೆಲೆಯ ಸ್ಥಿರಸಂಖ್ಯೆ. N ಎಷ್ಟೋ ಅಷ್ಟೇ ಟಿಕೆಟ್‌ಗಳು ಮಾರಾಟವಾದರೆ ಗೆಲುವು ಖಚಿತ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ, ಹಾಗಾಗುವುದಿಲ್ಲ. ಒಂದೇ ಸಂಯೋಜನೆಯನ್ನು ಇಬ್ಬರು, ಮೂವರು ಕೊಂಡಿರುತ್ತಾರೆ, ಮತ್ತೆ ಹಲವು ಸಂಯೋಜನೆಗಳನ್ನು ಯಾರೂ ಕೊಂಡಿರುವುದಿಲ್ಲ. ಹಾಗಾಗಿ ಅಷ್ಟು ಮಾರಾಟವಾದಾಗಲೂ ಯಾರಾದರೂ ಗೆಲ್ಲುವ ಸಾಧ್ಯತೆ ಶೇ. 63 ಮಾತ್ರ.

ಈ ಸೂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಅಂಶವೊಂದಿದೆ. ಸತತ ಹಲವು ಡ್ರಾಗಳಲ್ಲಿ ಯಾರೂ ಗೆಲ್ಲದಿರುವ ಸಾಧ್ಯತೆಯನ್ನು ತಿಳಿಯಲು ಪ್ರತಿ ಡ್ರಾದ ಸಂಭವನೀಯತೆಗಳನ್ನು ಗುಣಿಸಬೇಕು; ಘಾತಗಳನ್ನು ಗುಣಿಸುವಾಗ n ಗಳು ಕೂಡಿಕೊಳ್ಳುತ್ತವೆ. ಆದ್ದರಿಂದ ಜಾಕ್‌ಪಾಟ್ ಉಳಿಯುವುದೋ ಇಲ್ಲವೋ ಎಂಬುದು ಡ್ರಾಗಳ ಎಣಿಕೆಯನ್ನಲ್ಲ, ಸರಣಿ ಆರಂಭವಾದಾಗಿನಿಂದ ಮಾರಾಟವಾದ ಒಟ್ಟು ಟಿಕೆಟ್‌ಗಳನ್ನು ಅವಲಂಬಿಸಿದೆ. ಆರಂಭದ ಡ್ರಾಗಳಲ್ಲಿ ತಲಾ 2 ಕೋಟಿ ಟಿಕೆಟ್ ಮಾರಾಟವಾಯಿತು ಎನ್ನೋಣ. ಒಂದು ಡ್ರಾದಲ್ಲಿ ಯಾರಾದರೂ ಗೆಲ್ಲುವ ಸಾಧ್ಯತೆ ಶೇ. 7ಕ್ಕೂ ಕಡಿಮೆ, ಅಂಥ ಹತ್ತು ಡ್ರಾಗಳನ್ನು ಜಾಕ್‌ಪಾಟ್ ದಾಟುವ ಸಾಧ್ಯತೆ ಸುಮಾರು ಅರ್ಧ. ಒಂದೇ ಡ್ರಾದಲ್ಲಿ 20 ಕೋಟಿ ಟಿಕೆಟ್ ಮಾರಾಟವಾದರೂ ದಾಟುವ ಸಾಧ್ಯತೆ ಅಷ್ಟೇ. ಸರಣಿಯ ವಯಸ್ಸನ್ನು ಅಳೆಯುವ ಗಡಿಯಾರವು ವಾರಗಳನ್ನಲ್ಲ, ಟಿಕೆಟ್‌ಗಳನ್ನು ಎಣಿಸುತ್ತದೆ.

ಜಾಕ್‌ಪಾಟ್ ಬೆಳೆಯುವುದೂ ಟಿಕೆಟ್‌ಗಳಿಂದಲೇ. ಮಾರಾಟದ ಹಣದಲ್ಲಿ ಸುಮಾರು ಅರ್ಧ ಬಹುಮಾನಗಳಿಗೆ ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು, ಅಂದರೆ ಒಟ್ಟು ಮಾರಾಟದ ಸುಮಾರು ಮೂರನೇ ಒಂದು ಭಾಗ, ಜಾಕ್‌ಪಾಟ್ ನಿಧಿಗೆ ಸೇರುತ್ತದೆ. ಪ್ರಕಟಿತ ಮೊತ್ತವೂ ನಿಧಿಯಲ್ಲಿರುವ ನಗದೂ ಒಂದೇ ಅಲ್ಲ: 158.6 ಕೋಟಿ ಎಂಬುದು 30 ಕಂತುಗಳಲ್ಲಿ ಕೊಡುವ ಮೊತ್ತ, ಒಮ್ಮೆಗೆ ಪಡೆದರೆ ಅದು 98.35 ಕೋಟಿ. ಮೊದಲ ಡ್ರಾಗಳಲ್ಲಿ ಟಿಕೆಟ್ ಕೊಳ್ಳುವವರು ಹೆಚ್ಚಾಗಿ ರೂಢಿಯಿಂದ ಆಡುವವರು. ನಿಧಿ ನಿಧಾನವಾಗಿ ತುಂಬುತ್ತದೆ. ಮೊತ್ತ ಸುದ್ದಿಯಾಗುವಷ್ಟು ದೊಡ್ಡದಾದಾಗ ಎಂದೂ ಆಡದವರು ಸಾಲಿಗೆ ಬರುತ್ತಾರೆ, ಅವರ ಹಣ ಮೊತ್ತವನ್ನು ಇನ್ನಷ್ಟು ಹಿಗ್ಗಿಸುತ್ತದೆ, ಹಿಗ್ಗಿದ ಮೊತ್ತ ಮತ್ತೂ ಜನರನ್ನು ಕರೆತರುತ್ತದೆ.

ಕೊನೆಯ ಎರಡು ಡ್ರಾಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಜನವರಿ 9ರ ಡ್ರಾಗೆ ಸುಮಾರು 44 ಕೋಟಿ ಟಿಕೆಟ್‌ಗಳು ಮಾರಾಟವಾದವು. ಜಾಕ್‌ಪಾಟ್ ಸುಮಾರು 95 ಕೋಟಿ ಡಾಲರ್. ಸೂತ್ರದ ಪ್ರಕಾರ ಯಾರಾದರೂ ಗೆಲ್ಲುವ ಸಾಧ್ಯತೆ ಶೇ. 78. ಆದರೂ ಯಾರೂ ಗೆಲ್ಲಲಿಲ್ಲ. ಅದು ಪವಾಡವೇನಲ್ಲ, ಐದರಲ್ಲಿ ಒಂದು ಸಲ ನಡೆಯುವಂಥ ಸಂಗತಿ. ನಾಲ್ಕು ದಿನಗಳ ನಂತರ ಸುಮಾರು 63.5 ಕೋಟಿ ಟಿಕೆಟ್‌ಗಳು ಮಾರಾಟವಾದವು, ಗೆಲುವಿನ ಸಾಧ್ಯತೆ ಶೇ. 89ರ ಹತ್ತಿರಕ್ಕೆ ಬಂದಿತು. ಮಾರಾಟ ಸುಮಾರು 19.5 ಕೋಟಿಯಷ್ಟು ಹೆಚ್ಚಿದರೂ ಸಾಧ್ಯತೆ ಏರಿದ್ದು ಹನ್ನೊಂದು ಅಂಶ ಮಾತ್ರ ಎಂಬುದನ್ನು ಗಮನಿಸಿ: ಹೊಸ ಟಿಕೆಟ್‌ಗಳಲ್ಲಿ ಬಹಳಷ್ಟು ಈಗಾಗಲೇ ಯಾರೋ ಕೊಂಡಿದ್ದ ಸಂಯೋಜನೆಗಳ ಮೇಲೇ ಬಿದ್ದಿದ್ದವು.

ಹಾಗೆ ಒಂದರ ಮೇಲೊಂದು ಬಿದ್ದ ಟಿಕೆಟ್‌ಗಳ ಪರಿಣಾಮ ಬಹುಮಾನದ ಹಂಚಿಕೆಯಲ್ಲಿ ಕಾಣಿಸುತ್ತದೆ. ಆ ರಾತ್ರಿ ಕ್ಯಾಲಿಫೋರ್ನಿಯ, ಫ್ಲಾರಿಡಾ, ಟೆನೆಸಿಗಳಲ್ಲಿ ಕೊಂಡ ಮೂರು ಟಿಕೆಟ್‌ಗಳು ಗೆದ್ದವು; ನಿರೀಕ್ಷಿತ ಸರಾಸರಿ ಎರಡಕ್ಕಿಂತ ತುಸು ಹೆಚ್ಚೇ ಇತ್ತು. ಗೆದ್ದ ವ್ಯಕ್ತಿಗೆ ಸರಾಸರಿಯಲ್ಲಿ ದಕ್ಕುವ ಪಾಲನ್ನು ಲೆಕ್ಕ ಹಾಕಿದರೆ, ಜನವರಿ 9ರಂದು ಅದು ಜಾಕ್‌ಪಾಟಿನ ಶೇ. 52, ಜನವರಿ 13ರಂದು ಶೇ. 41. ಪ್ರಕಟಿತ ಮೊತ್ತ ಶೇ. 67ರಷ್ಟು ಬೆಳೆದರೂ ಗೆದ್ದವರ ನಿರೀಕ್ಷಿತ ಪಾಲು ಬೆಳೆದದ್ದು ಶೇ. 32ರಷ್ಟೇ. ಜಾಹೀರಾತು ಫಲಕದ ಮೇಲಿನ ಅಂಕಿ ಈ ಸೋರಿಕೆಯನ್ನು ಹೇಳುವುದಿಲ್ಲ. ಹೇಳಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟು ದೊಡ್ಡ ಸರಣಿ ಆಗಲೇ ಬಂದದ್ದಕ್ಕೆ ನಿಯಮದ ಬದಲಾವಣೆಯೂ ಕಾರಣ. 2015ರ ಅಕ್ಟೋಬರ್‌ವರೆಗೆ 59 ಬಿಳಿ, 35 ಕೆಂಪು ಚೆಂಡುಗಳಿದ್ದು, ಸಂಯೋಜನೆಗಳು 17,52,23,510 ಇದ್ದವು. ಹಳೆಯ ನಿಯಮದಲ್ಲಿ 44 ಕೋಟಿ ಟಿಕೆಟ್‌ಗಳ ಡ್ರಾವನ್ನು ಜಾಕ್‌ಪಾಟ್ ದಾಟುವ ಸಾಧ್ಯತೆ ಶೇ. 8 ಮಾತ್ರ, ಹೊಸ ನಿಯಮದಲ್ಲಿ ಅದು ಶೇ. 22.

ಈ ಲೆಕ್ಕವೆಲ್ಲ ನಿಂತಿರುವುದು ಟಿಕೆಟ್‌ಗಳು ಯಾದೃಚ್ಛಿಕವಾಗಿ ಹರಡಿವೆ ಎಂಬ ಊಹೆಯ ಮೇಲೆ. ಯಂತ್ರ ಆರಿಸಿಕೊಟ್ಟ ಟಿಕೆಟ್‌ಗಳಿಗೆ ಅದು ಒಪ್ಪುತ್ತದೆ. ಜನರು ತಾವೇ ಆರಿಸಿದಾಗ ಹುಟ್ಟಿದ ದಿನಾಂಕಗಳು, ಅಂದರೆ 31ರೊಳಗಿನ ಅಂಕಿಗಳು, ಹಾಗೂ ಚೀಟಿಯ ಮೇಲೆ ಅಂದವಾಗಿ ಕಾಣುವ ವಿನ್ಯಾಸಗಳು ಮತ್ತೆ ಮತ್ತೆ ಬರುತ್ತವೆ. ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯಲ್ಲಿ 1995ರ ಜನವರಿ 14ರಂದು 7, 17, 23, 32, 38, 42 ಎಂಬ ಅಂಕಿಗಳು ಬಂದಾಗ 133 ಟಿಕೆಟ್‌ಗಳು ಜಾಕ್‌ಪಾಟನ್ನು ಹಂಚಿಕೊಂಡವು; ಯಾದೃಚ್ಛಿಕ ಆಯ್ಕೆಯಾಗಿದ್ದರೆ ಗೆಲುವು ಐದರ ಆಸುಪಾಸಿನಲ್ಲಿ ಇರಬೇಕಿತ್ತು. ಒಂದೆಡೆ ಇಷ್ಟು ಟಿಕೆಟ್‌ಗಳು ಗುಂಪುಗೂಡಿದರೆ ಬೇರೆಡೆ ಹೆಚ್ಚು ಸಂಯೋಜನೆಗಳು ಖಾಲಿ ಉಳಿಯುತ್ತವೆ, ಆದ್ದರಿಂದ ಅಂಥ ಲಾಟರಿಯಲ್ಲಿ ರೋಲ್‌ಓವರ್ ಆಗುವ ಸಾಧ್ಯತೆ ಸೂತ್ರ ಹೇಳುವುದಕ್ಕಿಂತ ಹೆಚ್ಚು. ಇದು ನಡೆಯುತ್ತಿದೆಯೇ ಎಂದು ತಿಳಿಯಲು ಜಾಕ್‌ಪಾಟಿಗೆ ಕಾಯಬೇಕಿಲ್ಲ. ಕೆಳಗಿನ ಬಹುಮಾನಗಳನ್ನು ಗೆದ್ದವರ ಎಣಿಕೆಯನ್ನು ಪ್ರತಿ ಡ್ರಾದಲ್ಲೂ ನಿರೀಕ್ಷಿತ ಎಣಿಕೆಯೊಡನೆ ಹೋಲಿಸಿದರೆ, 31ರೊಳಗಿನ ಅಂಕಿಗಳೇ ಬಂದ ದಿನ ಗೆದ್ದವರು ಹೆಚ್ಚಾಗಿಯೂ, ದೊಡ್ಡ ಅಂಕಿಗಳು ಬಂದ ದಿನ ಕಡಿಮೆಯಾಗಿಯೂ ಇರುವುದು ಕಣ್ಣಿಗೆ ಬೀಳುತ್ತದೆ.