ತಾಳೆಯಾಗದ ಲೆಕ್ಕದ ಬಗ್ಗೆ ಕೇಳಿ

ಎಲ್ಲರಿಗೂ ನಮಸ್ಕಾರ. ಜೂನಿಯರ್ ಅಕೌಂಟೆಂಟ್‌ಗಳನ್ನು ಆರಿಸುವವರೇ ಇಲ್ಲಿ ಹೆಚ್ಚಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸಂದರ್ಶನದಲ್ಲಿ 'ಬ್ಯಾಂಕ್ ಲೆಕ್ಕ ತಾಳೆಯಾಗದಿದ್ದರೆ ಏನು ಮಾಡ್ತೀರಿ?' ಎಂದು ಕೇಳಿದರೆ ಬಿ.ಕಾಂ. ಓದಿದವರೆಲ್ಲ ಪುಸ್ತಕದ ಉತ್ತರ ಒಪ್ಪಿಸುತ್ತಾರೆ. ಅದರ ಬದಲು, 'ತಾಳೆಯಾಗದೆ ನಿಂತ ಒಂದು ಲೆಕ್ಕದ ಬಗ್ಗೆ ಹೇಳಿ' ಎನ್ನಿ. ವ್ಯತ್ಯಾಸ ಎಷ್ಟಿತ್ತು, ಮೊದಲು ಏನು ನೋಡಿದಿರಿ, ಯಾರಿಗೆ ಯಾವಾಗ ತಿಳಿಸಿದಿರಿ ಎಂದು ಬೆನ್ನು ಹತ್ತಿ. ಕೆಲಸ ಮಾಡಿಯೇ ಇಲ್ಲದವರಿಗೆ ಕಾಲೇಜು ಹಬ್ಬದ ಖರ್ಚು, ಮನೆಯ ಅಂಗಡಿಯ ಲೆಕ್ಕವೂ ಆಗುತ್ತದೆ.

ಒಬ್ಬ ಅಭ್ಯರ್ಥಿ ಹೀಗೆ ಹೇಳಿದಳು ಎಂದುಕೊಳ್ಳಿ: 'ಪಾಸಾಗದ ಚೆಕ್ಕುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸ್ಟೇಟ್‌ಮೆಂಟಿಗೂ ಟ್ಯಾಲಿಗೂ 1,800 ರೂಪಾಯಿ ವ್ಯತ್ಯಾಸ ಉಳೀತು ಸರ್. 17ನೇ ತಾರೀಖಿನವರೆಗೆ ಸರಿಯಿತ್ತು, ಹಾಗಾಗಿ ಅಲ್ಲಿಂದ ಮುಂದೆ ಮಾತ್ರ ಹುಡುಕಿದೆ. 1,800 ಒಂಬತ್ತರಿಂದ ಭಾಗವಾಗುತ್ತೆ, ಅಂಕಿ ಅದಲುಬದಲಾಗಿರಬಹುದು ಅನ್ನಿಸ್ತು. 6,400 ಅನ್ನೋದನ್ನ 4,600 ಅಂತ ಎಂಟ್ರಿ ಮಾಡಿದ್ರು. ಮೇಡಂಗೆ ತೋರಿಸಿ, ಅವರು ಹೇಳಿದ ಮೇಲೆ ತಿದ್ದಿದೆ.' ಇದಕ್ಕೆ 5 ಅಂಕ. ಹುಡುಕುವ ಜಾಗವನ್ನು ಕಿರಿದು ಮಾಡಿದಳು, ತಿದ್ದುವ ಮುಂಚೆ ಹೇಳಿದಳು.

ಎಂಟ್ರಿಗಳನ್ನೆಲ್ಲ ಒಂದೊಂದಾಗಿ ಟಿಕ್ ಹಾಕಿ ತಪ್ಪು ಹಿಡಿದು, ತಿದ್ದಿದ ಮೇಲೆ ತಿಳಿಸಿದವರಿಗೆ 3. ಮೊತ್ತವೇ ನೆನಪಿಲ್ಲದೆ 'ಅಡ್ಜಸ್ಟ್ ಮಾಡಿದ್ವಿ' ಎಂದವರಿಗೆ 1. ಇಲ್ಲೊಂದು ಮಾತು: ಸಸ್ಪೆನ್ಸ್ ಖಾತೆಗೆ ಹಾಕಿದೆ ಎಂದ ಕೂಡಲೇ ಅಂಕ ಕಳೆಯಬೇಡಿ. ಹಾಕುವುದು ತಪ್ಪಲ್ಲ, ಯಾರಿಗೂ ಹೇಳದೆ ಅಲ್ಲೇ ಬಿಡುವುದು ತಪ್ಪು. 'ಆಮೇಲೆ ಅದು ಹೇಗೆ ತೀರಿತು?' ಎಂದು ಕೇಳಿದರೆ ಗೊತ್ತಾಗುತ್ತದೆ.

ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬ ಈ ವಿವರಣೆಗಳನ್ನು ಮೊದಲ ಅಭ್ಯರ್ಥಿ ಬರುವ ಮುಂಚೆಯೇ ಬರೆದಿಡಿ. 'ಚುರುಕು', 'ಪ್ರಾಮಾಣಿಕ' ಎಂದು ಹಾಳೆಯಲ್ಲಿ ಬರೆದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಆಗ ಇಂಗ್ಲಿಷ್ ಸರಾಗವಾಗಿ ಆಡುವವರೇ ಗೆಲ್ಲುತ್ತಾರೆ. ಕನ್ನಡದಲ್ಲೇ ಹೇಳಲಿ ಬಿಡಿ, ನಮಗೆ ಬೇಕಾದ್ದು ಹುಡುಕಿದ ಕ್ರಮ. ಅದಕ್ಕೇ ಮತ್ತೆ ಹೇಳುತ್ತೇನೆ: ಗುಣ ಬರೆಯಬೇಡಿ, ಅವರು ಮಾಡಿದ ಕೆಲಸ ಬರೆಯಿರಿ.

ಸಮಯವಾಯಿತೆಂದು ಚೀಟಿ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಎರಡನೇ ಪ್ರಶ್ನೆ: 'ಬಿಲ್ ಇಲ್ಲದೆ ದುಡ್ಡು ಕೊಡು ಅಂತ ಯಾರಾದರೂ ಒತ್ತಾಯ ಮಾಡಿದ್ದುಂಟಾ, ಏನು ಮಾಡಿದಿರಿ?' ಇದರಲ್ಲಿ 1 ಬಂದರೆ ಒಟ್ಟು ಅಂಕ ಎಷ್ಟಿದ್ದರೂ ಆರಿಸಬೇಡಿ. ಮೂರನೆಯದು, 7ರ ಟಿಡಿಎಸ್ ಅಥವಾ 20ರ ಜಿಎಸ್‌ಟಿಆರ್-3ಬಿ ಥರ ಗಡುವು ಮೈಮೇಲೆ ಬಂದಾಗ ಯಾವ ಕೆಲಸ ಹಿಂದಿಟ್ಟರು ಎಂಬುದು. ತಾಳೆಯ ಪ್ರಶ್ನೆಯ ಅಂಕವನ್ನು ದುಪ್ಪಟ್ಟು ಮಾಡಿ ಕೂಡಿಸಿ, ದಿನನಿತ್ಯದ ಕೆಲಸ ಅದೇ.

ಸಂದರ್ಶಕರು ಇಬ್ಬರಿದ್ದರೆ ಮಾತಾಡಿಕೊಳ್ಳುವ ಮುಂಚೆಯೇ ಬೇರೆ ಬೇರೆಯಾಗಿ ಅಂಕ ಹಾಕಿ. ಎರಡು ಅಂಕದ ಅಂತರ ಬಂದರೆ ಸರಾಸರಿ ತೆಗೆಯಬೇಡಿ, ಬರೆದುಕೊಂಡ ಉತ್ತರವನ್ನು ಇಬ್ಬರೂ ಒಟ್ಟಿಗೆ ಓದಿ.